ಪ್ರತಿ ಕಂತೂ ಬೇರೆ ಕಥೆ, ಆದರೂ ಒಂದೇ ಮಾತು ಕೇಳಿಸುತ್ತಲ್ಲ, ಅದನ್ನು ಹಿಡಿಯುವುದು ಹೇಗೆ?

ಸುಮಾ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾದ ಮೇಲೆ ನಮ್ಮ ಬೀದಿಯವರೆಲ್ಲ ಸೇರಿ ಭಾನುವಾರ ಸಂಜೆ ಮಾಲ್ಗುಡಿ ಡೇಸ್ ನೋಡುತ್ತಿದ್ದೇವೆ. ಒಂದು ವಾರಕ್ಕೆ ಎರಡು ಕಂತು. ಆಮೇಲೆ ಕಾಫಿ, ಹರಟೆ. ಸ್ವಾಮಿಯ ಕಂತುಗಳು ಒಂದಕ್ಕೊಂದು ಸೇರಿಕೊಂಡಿವೆ, ಅದು ಬಿಡಿ. ಉಳಿದವು ಎಲ್ಲಾ ಬಿಡಿ ಕಥೆಗಳು. ಅಂಚೆಯವನ ಕಥೆಗೂ ಜೇಬುಗಳ್ಳನ ಕಥೆಗೂ ಏನೂ ಸಂಬಂಧ ಇಲ್ಲ. ಆದರೂ ಹೋದ ವಾರ ಒಬ್ಬರು ಅಜ್ಜಿ, "ಇವರು ಒಂದೇ ಕಥೆಯನ್ನ ತಿರುಗಿಸಿ ತಿರುಗಿಸಿ ಹೇಳ್ತಿದಾರೆ ಅನ್ಸುತ್ತಲ್ಲೇ" ಅಂದರು. ನನಗೂ ಹಾಗೇ ಅನಿಸಿತ್ತು. ಆದರೆ ಆ ಒಂದೇ ಕಥೆ ಯಾವುದು ಅಂತ ಕೇಳಿದರೆ ಯಾರಿಗೂ ಹೇಳಲು ಬರಲಿಲ್ಲ.

ಬರುವ ಭಾನುವಾರ ನಾನೇ ಹತ್ತು ನಿಮಿಷ ಮಾತಾಡಬೇಕು. ನನ್ನ ಪ್ರಶ್ನೆ ಎರಡು. ಬಿಡಿ ಕಥೆಗಳ ಸರಣಿ ಮಾಡುವವರು ಒಳಗೆ ಒಂದು ಎಳೆ ಇಟ್ಟು ಅದನ್ನು ಯಾಕೆ ಬಾಯಿಬಿಟ್ಟು ಹೇಳುವುದಿಲ್ಲ? ಆ ಎಳೆಯನ್ನು ನೋಡುಗರು ಕಂಡುಹಿಡಿಯುವುದು ಹೇಗೆ? "ಮಾನವೀಯತೆ" ಅಂತ ಮಾತ್ರ ಹೇಳಬೇಡಿ. ಅದನ್ನು ನಾವೇ ಹೇಳಿಕೊಂಡು ಸಾಕಾಗಿದೆ.

ಮಂಜು, ತೀರ್ಥಹಳ್ಳಿ

ಅಕ್ಕಾ, ಥೀಮ್ ಎಲ್ಲಿ ಅಡಗಿದೆ? ಶುರುವಿನಲ್ಲೇ ಬರುತ್ತಲ್ಲ, ತಾನ ನಾನ ನಾ! ಎಲ್. ವೈದ್ಯನಾಥನ್ ಅವರ ಸಂಗೀತ. ನನ್ನ ಫೋನಿಗೆ ಈಗಲೂ ಅದೇ ರಿಂಗ್‌ಟೋನ್. ಅಂದಹಾಗೆ ಶೂಟಿಂಗ್ ಆದ ಮನೆ ನೋಡಬೇಕಿದ್ದರೆ ಆಗುಂಬೆಗೆ ಹೋಗಿ, ದೊಡ್ಡಮನೆ ಅಂದರೆ ಯಾರಾದರೂ ತೋರಿಸುತ್ತಾರೆ. ಈಗ ಹೋದರೆ ಕೊಡೆ ಮಾತ್ರ ಮರೀಬೇಡಿ.

ಸುಮಾ, ಶಿವಮೊಗ್ಗ

ಮಂಜು, ನಾನು ಕೇಳಿದ್ದು ಆ ಥೀಮ್ ಅಲ್ಲ ಮಾರಾಯ. ಕಥೆಗಳ ಒಳಗಿನದು.

ರಕ್ಷಿತ್, ಸಾಗರ

ಇದು ಸುಲಭ ಅಕ್ಕ. ಇಂಥ ಸರಣಿಗಳಲ್ಲಿ ಮತ್ತೆ ಮತ್ತೆ ಬರುವ ವಸ್ತು ಹುಡುಕಬೇಕು. ಬ್ಲ್ಯಾಕ್ ಮಿರರ್ ನೋಡಿದ್ದೀರಾ? 2011ರ ಒಂದು ಕಂತಿನಲ್ಲಿ ಹುಡುಗಿಯೊಬ್ಬಳು ಹಾಡಿದ ಹಳೇ ಹಾಡು ಮುಂದಿನ ಎಷ್ಟೋ ಕಂತುಗಳಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಕೇಳಿಸುತ್ತದೆ. 2017ರ "ಬ್ಲ್ಯಾಕ್ ಮ್ಯೂಸಿಯಂ" ಕಂತಿನಲ್ಲಂತೂ ಹಿಂದಿನ ಕಥೆಗಳ ಸಾಮಾನುಗಳನ್ನೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅಂದರೆ ಎಲ್ಲಾ ಕಥೆ ಒಂದೇ ಲೋಕದಲ್ಲಿ ನಡೆಯುತ್ತಿವೆ ಅಂತ ಸುಳಿವು.

ಮಾಲ್ಗುಡಿಯಲ್ಲೂ ಅದೇ. ನಾನು ಗಮನಿಸಿದ್ದು ಕಾಗದ. ಅಂಚೆಯವನ ಕಥೆಯಲ್ಲಿ ಕಾರ್ಡು ಮತ್ತು ತಂತಿ. ಡಾಕ್ಟರ ಕಥೆಯಲ್ಲಿ ವಿಲ್. ಗೇಟ್‌ಮ್ಯಾನ್ ಕಥೆಯಲ್ಲಿ ರಿಜಿಸ್ಟರ್ಡ್ ಲಕೋಟೆ, ಅದನ್ನು ಒಡೆಯಲು ಹೆದರಿ ಹೆದರಿ ಅವನಿಗೆ ಹುಚ್ಚು ಹಿಡಿದಂತಾಗುತ್ತದೆ, ಒಳಗೆ ನೋಡಿದರೆ ಚೆಕ್ಕು. ಗುಮಾಸ್ತನ ಕಥೆಯಲ್ಲಿ ರಾಜೀನಾಮೆ ಪತ್ರ. ಈಶ್ವರನ್ ಕಥೆಯಲ್ಲಿ ಪರೀಕ್ಷೆಯ ಫಲಿತಾಂಶ. ಐದು ಕಥೆ, ಐದು ಕಾಗದ! ಕಾಗದಕ್ಕೆ ಹೆದರುವ ಬಡಪಾಯಿಗಳ ಸರಣಿ ಇದು. ಥೀಮ್ ಸಿಕ್ಕಿತು.

ಅನಸೂಯಾ, ಕೊಪ್ಪ

ರಕ್ಷಿತ್, ನಿಮ್ಮ ಕಣ್ಣು ಚುರುಕಾಗಿದೆ. ಕಾಗದದ ಎಳೆ ನಿಜವಾಗಿಯೂ ಇದೆ. ಆದರೆ ಅದು ಗುರುತು, ಥೀಮ್ ಅಲ್ಲ. ಒಂದೇ ಹಾಡು, ಒಂದೇ ಊರು, ಒಂದೇ ಸಾಮಾನು ಬಂದರೆ ಕಥೆಗಳು ಅಕ್ಕಪಕ್ಕದ ಮನೆಯಲ್ಲಿವೆ ಅಂತ ಗೊತ್ತಾಗುತ್ತದೆ, ಅಷ್ಟೇ. ಅವು ಯಾವ ವಿಚಾರಕ್ಕೆ ತಲೆ ಕೆಡಿಸಿಕೊಂಡಿವೆ ಅಂತ ಅದರಿಂದ ತಿಳಿಯುವುದಿಲ್ಲ.

ನಾನು ಕಾಲೇಜಿನಲ್ಲಿ ಕಥೆ ಪಾಠ ಮಾಡುತ್ತಿದ್ದಾಗ ಒಂದು ಕೆಲಸ ಮಾಡಿಸುತ್ತಿದ್ದೆ. ಕಥೆ "ಯಾವುದರ ಬಗ್ಗೆ" ಅಂತ ಬರೆಯಬೇಡಿ. ಅದರ ಬದಲು ಒಂದೇ ವಾಕ್ಯದಲ್ಲಿ ಇಷ್ಟು ಬರೆಯಿರಿ: ಈ ಮನುಷ್ಯ ಏನು ಮಾಡಬೇಕಾಗಿತ್ತು, ಅದರ ಬದಲು ಏನು ಮಾಡಿದ, ಅದರ ಬೆಲೆ ಯಾರು ತೆತ್ತರು. ಬರೆದ ವಾಕ್ಯಗಳನ್ನು ಒಂದರ ಕೆಳಗೆ ಒಂದು ಇಟ್ಟು ಓದಿದರೆ ಎಳೆ ತಾನಾಗಿ ಕಾಣುತ್ತದೆ. ಸುಮಾ, ನೀವು ನೋಡಿದ ಕಥೆಗಳಲ್ಲೇ ಮಾಡಿ ನೋಡೋಣ. ಟಿವಿಗೆ ತರುವಾಗ ಚೂರುಪಾರು ಬದಲಾಗಿರಬಹುದು, ನಾನು ಪುಸ್ತಕದ ಕಥೆಯನ್ನೇ ಇಟ್ಟುಕೊಳ್ಳುತ್ತೇನೆ.

ಮೊದಲು ಅಂಚೆಯವನು, ತಾನಪ್ಪ. ರಾಮಾನುಜಮ್ ಮಗಳು ಕಾಮಾಕ್ಷಿಗೆ ಗಂಡು ಸಿಗುತ್ತಿರಲಿಲ್ಲ. ಆ ಸಂಬಂಧ ತೋರಿಸಿದ್ದೇ ಈ ತಾನಪ್ಪ. ಮೇ 20ರ ಮುಹೂರ್ತ ತಪ್ಪಿದರೆ ಗಂಡು ತರಬೇತಿಗೆ ಹೋಗಿಬಿಡುತ್ತಾನೆ, ಮೂರು ವರ್ಷ ಕಾಯಬೇಕು. ಅದೇ ಹೊತ್ತಿಗೆ ಸೇಲಂನಿಂದ ಕಾರ್ಡು ಬರುತ್ತದೆ, ರಾಮಾನುಜಮ್ ಅವರ ಚಿಕ್ಕಪ್ಪನಿಗೆ ಹುಷಾರಿಲ್ಲ ಅಂತ. ಹಿಂದೆಯೇ ಸಾವಿನ ತಂತಿ. ಕೊಟ್ಟರೆ ಸೂತಕ, ಮದುವೆ ನಿಲ್ಲುತ್ತದೆ. ತಾನಪ್ಪ ಎರಡನ್ನೂ ಇಟ್ಟುಕೊಂಡು, ಮದುವೆ ಮುಗಿದ ಮೇಲೆ ತಂದುಕೊಡುತ್ತಾನೆ.

ಎರಡನೆಯದು ಡಾಕ್ಟರ್ ರಾಮನ್. ಊರಿಗೆಲ್ಲ ಗೊತ್ತು, ಇವರು ಸಮಾಧಾನಕ್ಕೂ ಸುಳ್ಳು ಹೇಳುವವರಲ್ಲ. ಜೀವದ ಗೆಳೆಯ ಗೋಪಾಲ ಸಾಯುವ ಸ್ಥಿತಿಯಲ್ಲಿ ಮಲಗಿ, ನಿಜ ಹೇಳು, ವಿಲ್‌ಗೆ ಸಹಿ ಮಾಡಲೋ ಬೇಡವೋ ಅಂತ ಕೇಳುತ್ತಾನೆ. ಸಹಿ ಮಾಡು ಅಂದರೆ ಸಾಯುತ್ತೀಯ ಅಂದ ಹಾಗೆ. ಮಾಡಬೇಡ ಅಂದು ಅವನು ಸತ್ತರೆ ಹೆಂಡತಿ ಮಕ್ಕಳು ಆಸ್ತಿಗಾಗಿ ಕೋರ್ಟು ಅಲೆಯಬೇಕು. ಡಾಕ್ಟರ್ ಜೀವನದಲ್ಲಿ ಮೊದಲ ಸಲ ನಾಟಕವಾಡುತ್ತಾರೆ. ನಿನಗೇನೂ ಆಗುವುದಿಲ್ಲ ಅನ್ನುತ್ತಾರೆ.

ಈ ಎರಡನ್ನೂ ಪಕ್ಕಪಕ್ಕ ಇಡಿ. ಕಾಗದ ತಲುಪಿಸುವುದೇ ಕೆಲಸ ಆದವನು ಕಾಗದ ತಲುಪಿಸಲಿಲ್ಲ. ನಿಜ ಹೇಳುವುದೇ ಕೆಲಸ ಅಂದುಕೊಂಡವನು ನಿಜ ಹೇಳಲಿಲ್ಲ. ಇಬ್ಬರೂ ತಮ್ಮ ಕಸುಬಿನ ಮೊದಲ ನಿಯಮವನ್ನೇ ಮುರಿದರು, ಅದೂ ಲಾಭಕ್ಕಲ್ಲ, ಮಮತೆಗೆ. ಸುಮಾ, ಮುಂದಿನದನ್ನು ನೀವೇ ಹೇಳಿ. ನಿಮ್ಮ ಜೇಬುಗಳ್ಳನ ಕಥೆಯಲ್ಲಿ ಏನಾಗುತ್ತದೆ?

ಸುಮಾ, ಶಿವಮೊಗ್ಗ

ಅಯ್ಯೋ! ರಾಜು. ಹಸಿರು ಕೋಟಿನವನ ಪರ್ಸ್ ಕದಿಯುತ್ತಾನೆ. ದುಡ್ಡು ತೆಗೆದುಕೊಂಡು ಬಿಸಾಕಬೇಕು ಅನ್ನುವಾಗ ಒಳಗೆ ಒಂದು ಬಲೂನು. ಆ ಮನುಷ್ಯ ತಾಯಿ ಇಲ್ಲದ ಮಗುವಿಗೆ ಅಂತ ಕೊಂಡಿದ್ದು. ರಾಜುಗೆ ಕರುಳು ಚುರ್ ಅಂದು ಪರ್ಸನ್ನು ವಾಪಸ್ ಜೇಬಿಗೆ ಹಾಕಲು ಹೋಗುತ್ತಾನೆ, ಆಗಲೇ ಸಿಕ್ಕಿಬೀಳುತ್ತಾನೆ. ಕದಿಯುವಾಗ ಸಿಗಲಿಲ್ಲ, ವಾಪಸ್ ಇಡುವಾಗ ಸಿಕ್ಕಿದ!

ಅಂದರೆ ಅವನೂ ಕಸುಬಿನ ನಿಯಮ ಮುರಿದ. ಕಳ್ಳನಿಗೂ ಕಸುಬಿನ ನಿಯಮ ಇರುತ್ತಲ್ವಾ, ತೆಗೆದದ್ದನ್ನು ವಾಪಸ್ ಇಡಬಾರದು ಅಂತ.

ಅನಸೂಯಾ, ಕೊಪ್ಪ

ಅದೇ. ಕೊನೆಗೆ ಅವನು ಕಲಿಯುವ ಪಾಠ ಕದಿಯಬಾರದು ಅಂತಲ್ಲ. ದೇವರು ನನ್ನ ಬೆರಳಿಗೆ ತೆಗೆಯುವ ವಿದ್ಯೆ ಕೊಟ್ಟ, ಇಡುವ ವಿದ್ಯೆ ಕೊಡಲಿಲ್ಲ ಅಂತ ಅಂದುಕೊಳ್ಳುತ್ತಾನೆ. ಎಂಥ ತಮಾಷೆ, ಎಂಥ ಸಂಕಟ.

ಈಗ ಗುಮಾಸ್ತ ವೆಂಕಟರಾವ್. ಅವನು ಈ ಮೂವರ ಕನ್ನಡಿ ಬಿಂಬ. ಮಗಳು ಶಾಂತಾಳಿಗೆ ಸಂಜೆ ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಅಂದಿದ್ದಾನೆ. ಆಫೀಸು ಬಿಡುವುದಿಲ್ಲ. ಸಿಟ್ಟು ಬಂದು ರಾಜೀನಾಮೆ ಬರೆಯುತ್ತಾನೆ. ಕೊಡುವ ಹೊತ್ತಿಗೆ ಸಂಬಳ 40ರಿಂದ 45 ರೂಪಾಯಿ ಆಗುವ ಸುದ್ದಿ. ಕಾಗದ ಜೇಬಿಗೆ ಹೋಗುತ್ತದೆ. ಮನೆಗೆ ಬಂದರೆ ಮಗು ಫ್ರಾಕು ಬದಲಿಸದೆ ಹಾಗೇ ನಿದ್ದೆ ಹೋಗಿದೆ. ಇವನು ನಿಯಮ ಮುರಿಯಲಿಲ್ಲ. ಆದರೂ ಬೆಲೆ ತೆತ್ತದ್ದು ಒಂದು ಮಗು.

ಈಗ ನಾಲ್ಕನ್ನೂ ಒಟ್ಟಿಗೆ ನೋಡಿ. ಪ್ರಶ್ನೆ ಒಂದೇ: ಕೆಲಸ ಒಂದು ಕಡೆ ಎಳೆದು ಮಮತೆ ಇನ್ನೊಂದು ಕಡೆ ಎಳೆದರೆ ಏನು ಮಾಡುತ್ತೀಯ? ಉತ್ತರ ನಾಲ್ಕು. ಡಾಕ್ಟರ್ ಮುರಿದರು, ಗೆಳೆಯ ಬದುಕಿದ. ಅದು ಪುಣ್ಯವಲ್ಲ, ಅದೃಷ್ಟ. ಅವನು ಹೇಗೆ ಬದುಕಿದ ಅನ್ನುವುದು ಅವರಿಗೇ ಒಗಟಾಗಿ ಉಳಿಯುತ್ತದೆ. ತಾನಪ್ಪ ಮುರಿದ, ಮದುವೆ ಆಯಿತು, ರಾಮಾನುಜಮ್ ಮೇಲಿನವರಿಗೆ ದೂರು ಕೊಡಲಿಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಅಂದುಬಿಟ್ಟರು. ರಾಜು ಮುರಿದ, ಜೈಲು ಸೇರಿದ. ವೆಂಕಟರಾವ್ ಮುರಿಯಲಿಲ್ಲ, ಮಗುವಿನ ಸಂಜೆ ಹಾಳಾಯಿತು.

ಬಿಡಿ ಕಥೆಗಳು ಯಾಕೆ ಬೇಕು ಅಂತ ಕೇಳಿದಿರಲ್ಲ, ಕಾರಣ ಇಲ್ಲೇ ಇದೆ. ಧಾರಾವಾಹಿಯಲ್ಲಿ ಒಬ್ಬನೇ ನಾಯಕ. ಈ ವಾರ ಅವನು ಜೈಲಿಗೆ ಹೋದರೆ ಮುಂದಿನ ವಾರ ಅವನನ್ನು ಹೊರಗೆ ತರಬೇಕು. ಅವನು ಮಾಡಿದ್ದು ಸರಿ ಅಂತಲೋ ತಪ್ಪು ಅಂತಲೋ ಕಥೆ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕು. ಬಿಡಿ ಕಥೆಗೆ ಆ ಹಂಗಿಲ್ಲ. ಒಂದೇ ಪ್ರಶ್ನೆಗೆ ಒಂದಕ್ಕೊಂದು ವಿರುದ್ಧವಾದ ಉತ್ತರ ಕೊಟ್ಟು ಸುಮ್ನೆ ಎದ್ದು ಹೋಗಬಹುದು.

ಗಣಪತಿ, ರಿಪ್ಪನ್‌ಪೇಟೆ

ನಾನು ಅಂಚೆಯಲ್ಲಿ ಇದ್ದವನು, ಈಗ ನಿವೃತ್ತ. ಆ ತಾನಪ್ಪನ ಕಥೆ ನೋಡಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಬಟವಾಡೆ ತಡೆಹಿಡಿಯುವುದು ಆಗಿನ ಅಂಚೆ ಕಾನೂನಿನಲ್ಲಿ ಅಪರಾಧವಾಗಿತ್ತು. ಮಮತೆಯಂತೆ! ಬೇರೆಯವರ ಕಾರ್ಡು ಓದುವುದೇ ತಪ್ಪು.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಆಗೆಲ್ಲ ತಂತಿ ಬಂದರೆ ಹೊತ್ತುಗೊತ್ತು ನೋಡದೆ ಕೊಡಬೇಕಿತ್ತು. ಒಂದು ಮನೆಗೆ ಹೋದರೆ ಚಪ್ಪರ ಹಾಕಿದ್ದಾರೆ, ನಿಶ್ಚಿತಾರ್ಥ. ಕೈಯಲ್ಲಿ ಸಾವಿನ ತಂತಿ. ಅಂಗಳದ ದಣಪೆ ಹತ್ತಿರ ಮಳೆಯಲ್ಲಿ ನಿಂತೇ ಇದ್ದೆ. ಕೊನೆಗೆ ಕೊಟ್ಟೆ. ಊಟಕ್ಕೆ ಬಂದವರೆಲ್ಲ ಎದ್ದು ಹೋದರು. ಆ ಮನೆಯವರು ಆಮೇಲೆ ನನ್ನನ್ನು ಸರಿಯಾಗಿ ಮಾತಾಡಿಸಲೇ ಇಲ್ಲ, ಕಾಗದ ಕೊಟ್ಟರೆ ಮುಖ ನೋಡದೆ ತಗೊಳ್ಳುತ್ತಿದ್ದರು. ತಂತಿ ಸೇವೆಯೇ 2013ರಲ್ಲಿ ನಿಂತುಹೋಯಿತು, ಆ ಮನೆಯವರ ಸಿಟ್ಟು ನಿಂತಿಲ್ಲ. ಈಗ ಹೇಳಿ, ನಾನು ಮಾಡಿದ್ದು ಸರಿಯೋ ತಪ್ಪೋ?

ಅನಸೂಯಾ, ಕೊಪ್ಪ

ಗಣಪತಿಯವರೇ, ಕಾನೂನಿನ ಪ್ರಕಾರ ನೀವು ಸರಿ. ಉಳಿದದ್ದನ್ನು ನಾನು ಹೇಗೆ ಹೇಳಲಿ? ಆದರೆ ನಿಮ್ಮ ಪ್ರಸಂಗವೇ ಆ ಸರಣಿಯ ಬಿಟ್ಟುಹೋದ ಕಂತಿನ ಹಾಗಿದೆ. ಅದೇ ಕೆಲಸ, ಅದೇ ಬಗೆಯ ತಂತಿ, ಅಂಥದ್ದೇ ಶುಭಕಾರ್ಯ. ನೀವು ನಿಯಮ ಮುರಿಯಲಿಲ್ಲ, ಬೆಲೆ ತೆತ್ತಿರಿ. ತಾನಪ್ಪ ಮುರಿದ, ಅವನೂ ತೆತ್ತ.

ನಿಮಗೆ ಸಿಟ್ಟು ಬಂತಲ್ಲ, ಅದೂ ಒಂದು ಸುಳಿವು. ಇಂಥ ಕಥೆಯ ಕೊನೆಯ ಎರಡು ನಿಮಿಷ ಗಮನ ಇಟ್ಟು ನೋಡಬೇಕು. ಕಥೆ ತಾನಪ್ಪನಿಗೆ ಹಾರ ಹಾಕುವುದಿಲ್ಲ, ಶಿಕ್ಷೆಯನ್ನೂ ಕೊಡುವುದಿಲ್ಲ. ತೀರ್ಪು ಕೊಡಬೇಕಾದ ಜಾಗವನ್ನು ಖಾಲಿ ಬಿಡುತ್ತದೆ. ಹಲವು ಕಂತುಗಳಲ್ಲಿ ಎಲ್ಲಿ ಮತ್ತೆ ಮತ್ತೆ ಖಾಲಿ ಬಿಟ್ಟಿದ್ದಾರೆ ಅಂತ ನೋಡಿದರೆ ಥೀಮ್ ಅಲ್ಲೇ ಇರುತ್ತದೆ.

ಕಿರಣ್, ಹೊಸನಗರ (ಈಗ ಬೆಂಗಳೂರು)

ಅನಸೂಯಕ್ಕ ಹೇಳಿದ್ದು ಒಪ್ಪುತ್ತೇನೆ, ಆದರೆ "ಯಾಕೆ ಅಡಗಿಸುತ್ತಾರೆ" ಅನ್ನುವುದಕ್ಕೆ ಎಲ್ಲಾ ಕಡೆ ಒಂದೇ ಕಾರಣ ಅಲ್ಲ. ಕೆಲವರು ಹೆದರಿ ಅಡಗಿಸಿದ್ದಾರೆ. ಅಮೆರಿಕದ ಟ್ವೈಲೈಟ್ ಜೋನ್ ತಗೊಳ್ಳಿ. ಅದನ್ನು ಮಾಡಿದ ರಾಡ್ ಸರ್ಲಿಂಗ್ ಮೊದಲು ನೇರ ನಾಟಕಗಳನ್ನೇ ಬರೆಯುತ್ತಿದ್ದ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು ಕೊಂದರು. ಅದರಿಂದ ಹುಟ್ಟಿದ ಟಿವಿ ನಾಟಕವನ್ನು ಸರ್ಲಿಂಗ್ 1956ರಲ್ಲಿ ಬರೆದ. ಪ್ರಾಯೋಜಕರು ಹೆದರಿದರು. ದಕ್ಷಿಣದ ಊರು ತೆಗೆದು ಉತ್ತರದ ಊರು ಹಾಕಿಸಿದರು. ದಕ್ಷಿಣದ ನೆನಪು ತರುತ್ತದೆ ಅಂತ ಕೋಕಾ ಕೋಲಾ ಬಾಟಲಿಯನ್ನೂ ಬಿಡಲಿಲ್ಲವಂತೆ.

1959ರಲ್ಲಿ ಟ್ವೈಲೈಟ್ ಜೋನ್ ಶುರುವಾದಾಗ ಅವನು ಅದೇ ಮಾತನ್ನು ಬೇರೆ ಗ್ರಹದವರು, ಬಾಂಬು ಅಂತೆಲ್ಲ ಹೇಳಿ ದಾಟಿಸಿದ. 1960ರ ಒಂದು ಕಂತಿನಲ್ಲಿ ಮೇಪಲ್ ಬೀದಿಯಲ್ಲಿ ಕರೆಂಟು ಹೋಗುತ್ತದೆ. ನಮ್ಮ ಕಡೆ ಆದರೆ ಲೈನ್‌ಮನ್‌ಗೆ ಫೋನ್ ಮಾಡಿ ಬೈದು ಸುಮ್ಮನಾಗುತ್ತಿದ್ದೆವು. ಅಲ್ಲಿ ನಮ್ಮೊಳಗೆ ಯಾರೋ ಬೇರೆ ಗ್ರಹದವನಿದ್ದಾನೆ ಅಂತ ನೆರೆಯವರೇ ಒಬ್ಬರ ಮೇಲೊಬ್ಬರು ಬೀಳುತ್ತಾರೆ. 1961ರ ಇನ್ನೊಂದು ಕಂತಿನಲ್ಲಿ ಡಾಕ್ಟರ್ ಒಬ್ಬ ಮನೆಯ ಕೆಳಗೆ ಬಾಂಬಿನಿಂದ ಉಳಿಯಲು ಕೋಣೆ ಕಟ್ಟಿಸಿರುತ್ತಾನೆ. ದಾಳಿಯ ಸುದ್ದಿ ಬಂದ ತಕ್ಷಣ ಅವನ ಹುಟ್ಟುಹಬ್ಬಕ್ಕೆ ಬಂದಿದ್ದ ನೆರೆಯವರೇ ಬಾಗಿಲು ಒಡೆಯುತ್ತಾರೆ. ಒಂದರಲ್ಲಿ ಅನ್ಯಗ್ರಹ, ಇನ್ನೊಂದರಲ್ಲಿ ಅದರ ಸುಳಿವೂ ಇಲ್ಲ. ಪಾತ್ರ, ಊರು ಎಲ್ಲಾ ಬೇರೆ. ಪ್ರಶ್ನೆ ಮಾತ್ರ ಅದೇ: ಭಯ ಬಂದಾಗ ನೆರೆಯವನು ನೆರೆಯವನಾಗಿ ಉಳಿಯುತ್ತಾನಾ?

ಪ್ರತಿ ಕಂತೂ ಬಿಡಿಯಾಗಿದ್ದರೆ ಅದೂ ಒಂದು ರಕ್ಷಣೆ. ಇಡೀ ಸರಣಿ ಏನು ಹೇಳುತ್ತಿದೆ ಅಂತ ಒಂದು ಕಂತು ನೋಡಿ ಯಾರೂ ಹಿಡಿಯಲು ಆಗುವುದಿಲ್ಲ.

ರಕ್ಷಿತ್, ಸಾಗರ

ಹಾಗಾದರೆ ಆರ್. ಕೆ. ನಾರಾಯಣ್ ಯಾರಿಗೆ ಹೆದರಿ ಅಡಗಿಸಿದರು? ಅವರ ಮೇಲೆ ಪ್ರಾಯೋಜಕರ ಒತ್ತಡ ಏನಿತ್ತು?

ಅನಸೂಯಾ, ಕೊಪ್ಪ

ಯಾರಿಗೂ ಹೆದರಲಿಲ್ಲ ಅಂತ ನನ್ನ ಲೆಕ್ಕ. ಅವರ ಎಷ್ಟೋ ಕಥೆಗಳು ಮೊದಲು ಪತ್ರಿಕೆಗೆ ಅಂತ ಒಂದೊಂದಾಗಿ ಬರೆದವು. ಒಂದು ಕಥೆ ಓದಿದವನು ಇನ್ನೊಂದನ್ನು ಓದಿರಲೇಬೇಕು ಅಂತ ಇರಲಿಲ್ಲ. ಹಾಗಾಗಿ ಅಲ್ಲಿ ಎಳೆ ಅಡಗಿಸಿದ್ದಲ್ಲ, ಒಬ್ಬನೇ ಮನುಷ್ಯನಿಗೆ ಅದೇ ಸಂಕಟ ಮತ್ತೆ ಮತ್ತೆ ಕಾಡಿ ಸೇರಿಕೊಂಡದ್ದು. ಆಮೇಲೆ 1986ರಲ್ಲಿ ಶಂಕರ್ ನಾಗ್ ಬಂದರು. ಒಂದೇ ಊರಿನಲ್ಲಿ, ಒಬ್ಬರೇ ನಿರ್ದೇಶಕರ ಕಣ್ಣಲ್ಲಿ, ಒಂದೇ ಸಂಗೀತದ ಕೆಳಗೆ ಈ ಕಥೆಗಳು ವಾರ ವಾರ ಬಂದವು. ಆಗ ದೂರದರ್ಶನ ಬಿಟ್ಟರೆ ಬೇರೆ ಇಲ್ಲ, ತಪ್ಪಿಸಿಕೊಂಡ ಕಂತನ್ನು ಮತ್ತೆ ನೋಡುವ ದಾರಿಯೂ ಹೆಚ್ಚಿನವರಿಗೆ ಇಲ್ಲ. ಒಂದು ವಾರ ಕರೆಂಟು ಕೈಕೊಟ್ಟರೂ ಮುಂದಿನ ವಾರದ ಕಥೆ ಅರ್ಥ ಆಗಬೇಕು. ಹಾಗಾಗಿ ಬಿಡಿತನ ಅನಿವಾರ್ಯವೂ ಹೌದು.

ಇನ್ನೊಂದು ಮಾತು. ಎಳೆಯನ್ನು ಬಾಯಿಬಿಟ್ಟು ಹೇಳಿದರೆ ಕಂತುಗಳು ಕೆಡುತ್ತವೆ. ಶುರುವಿನಲ್ಲೇ "ಇದು ಕೆಲಸ ಮತ್ತು ಮಮತೆಯ ಜಗಳದ ಸರಣಿ" ಅಂತ ಹಾಕಿದ್ದರೆ, ರಾಜುಗೆ ಬಲೂನು ಸಿಕ್ಕಿದ ಕೂಡಲೇ ಮುಂದೇನು ಅಂತ ನಮಗೆ ಗೊತ್ತಾಗಿಬಿಡುತ್ತಿತ್ತು.

ವಿಶಾಲಾಕ್ಷಿ, ಶೃಂಗೇರಿ ರಸ್ತೆ

ನಾನು ಒಪ್ಪುವುದಿಲ್ಲ. ಕ್ಷಮಿಸಿ, ಇದು ಬೇಕಾದ ಕಥೆ ಆರಿಸಿಕೊಂಡು ಬೇಕಾದ ಎಳೆ ಎಳೆದ ಹಾಗಾಯಿತು. "ಲೀಲಾಳ ಗೆಳೆಯ" ಎಲ್ಲಿ ಹೋಯಿತು? ಸಿದ್ದ ಮನೆಕೆಲಸದವನು. ಲೀಲಾಳ ಸರ ಕಾಣೆಯಾಗುತ್ತದೆ, ಸಿದ್ದನ ಮೇಲೆ ಕಳ್ಳತನ ಹೊರಿಸುತ್ತಾರೆ, ಪೊಲೀಸರು ಹಿಡಿಯುತ್ತಾರೆ. ಆಮೇಲೆ ಸರ ಅಡುಗೆಮನೆಯ ಹುಣಸೆಹಣ್ಣಿನ ಪಾತ್ರೆಯಲ್ಲಿ ಸಿಗುತ್ತದೆ, ಮಗುವೇ ಹಾಕಿದ್ದು. ಅಪ್ಪ ಏನಂತಾನೆ? ಹೇಗಿದ್ದರೂ ಅಂಥ ಕಳ್ಳನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ ಅಂತ. ಇಲ್ಲಿ ಯಾವ ಕಸುಬಿನ ನಿಯಮ, ಯಾವ ಮಮತೆ? ಇದು ಬಡವನ ಮೇಲಿನ ಅನ್ಯಾಯ, ಅಷ್ಟೇ. ನನ್ನ ಪ್ರಕಾರ ಇಡೀ ಸರಣಿ ಕೆಳಗಿನವರ ಕಥೆ. ಅಂಚೆಯವನು, ಗೇಟ್‌ಮ್ಯಾನ್, ಗುಮಾಸ್ತ, ಮನೆಕೆಲಸದವನು, ಜೇಬುಗಳ್ಳ. ಪಟ್ಟಿ ನೋಡಿ ಸಾಕು.

ಅನಸೂಯಾ, ಕೊಪ್ಪ

ವಿಶಾಲಾಕ್ಷಿಯವರೇ, ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಹೊಂದದ ಕಂತು ಬೇಕು. ಎಲ್ಲದಕ್ಕೂ ಹೊಂದುವ ಎಳೆ ಅಂದರೆ ಅದು ಎಳೆಯೇ ಅಲ್ಲ. ಸುಮಾ "ಮಾನವೀಯತೆ" ಬೇಡ ಅಂದದ್ದು ಅದಕ್ಕೇ, ಅದು ಭಕ್ತಿ ಚಿತ್ರಕ್ಕೂ ಹೊಂದುತ್ತದೆ, ಸಾಬೂನಿನ ಜಾಹೀರಾತಿಗೂ ಹೊಂದುತ್ತದೆ. ನಾನು ಹೇಳಿದ ಎಳೆ ಈಶ್ವರನ್ ಕಥೆಗೆ ಹೊಂದುವುದಿಲ್ಲ, ಕುದುರೆ ಮತ್ತು ಎರಡು ಆಡಿನ ಕಥೆಗೆ ಸ್ವಲ್ಪವೂ ಹೊಂದುವುದಿಲ್ಲ. ಅಲ್ಲಿ ಮುನಿಗೆ ಅಮೆರಿಕದವನ ಭಾಷೆ ಬಾರದು, ಅವನಿಗೆ ಇವನದು ಬಾರದು, ನೂರು ರೂಪಾಯಿಗೆ ಏನು ಮಾರಾಟವಾಯಿತು ಅಂತ ಇಬ್ಬರಿಗೂ ಗೊತ್ತಿಲ್ಲ. ನಗು ಬೇರೆಯದೇ.

ಆದರೆ ನಿಮ್ಮ ಪಟ್ಟಿಯ ಬಗ್ಗೆ ಒಂದು ತಕರಾರು. ಕೆಳಗಿನವರು ಅನ್ನುವುದು ಕಥೆ ಯಾರದು ಅಂತ ಹೇಳುತ್ತದೆ. ಕಥೆ ಅವರ ಬಗ್ಗೆ ಏನು ಕೇಳುತ್ತಿದೆ ಅಂತ ಹೇಳುವುದಿಲ್ಲ. ಡಾಕ್ಟರ್ ರಾಮನ್ ಕೆಳಗಿನವರಲ್ಲ, ಆದರೂ ತಾನಪ್ಪನ ಪಕ್ಕ ಸರಿಯಾಗಿ ಕೂರುತ್ತಾರೆ.

ಲೀಲಾಳ ಕಥೆಯನ್ನು ನಾನು ಪೂರ್ತಿ ಬಿಟ್ಟುಕೊಡುವುದೂ ಇಲ್ಲ. ನಿಜ ಗೊತ್ತಾದ ಮೇಲೆ ಆ ಅಪ್ಪ ಸಿದ್ದನನ್ನು ವಾಪಸ್ ಕರೆಯಬಹುದಿತ್ತು. ಮಗುವಿಗೆ ಅವನ ಮೇಲೆ ಪ್ರೀತಿ ಇತ್ತು. ಯಜಮಾನನ ನಿಯಮ ಮುರಿಯಲು ಅವನಿಂದ ಆಗಲಿಲ್ಲ. ವೆಂಕಟರಾವ್‌ಗೆ ಆಗದ ಹಾಗೆಯೇ. ಅಲ್ಲೂ ಬೆಲೆ ತೆತ್ತವಳು ಒಂದು ಮಗು.

ವಿಶಾಲಾಕ್ಷಿ, ಶೃಂಗೇರಿ ರಸ್ತೆ

ಮಗುವಲ್ಲ ಅನಸೂಯಮ್ಮ. ಬೆಲೆ ತೆತ್ತವನು ಸಿದ್ದ. ಜೈಲಿನ ಮೆಟ್ಟಿಲು ಹತ್ತಿದವನು ಅವನು. ನಿಮ್ಮ ಎಳೆ ಹಿಡಿದು ಹೋದರೆ ಅವನೇ ಕಣ್ಣಿಂದ ಮರೆಯಾಗಿಬಿಡುತ್ತಾನೆ ನೋಡಿ. ಅಂಥ ಎಳೆ ನನಗೆ ಬೇಡ.

ಅನಸೂಯಾ, ಕೊಪ್ಪ

ಅದು ಗಟ್ಟಿ ಮಾತು. ಇದಕ್ಕೆ ನನ್ನ ಹತ್ತಿರ ಈಗ ಉತ್ತರ ಇಲ್ಲ.

ಗಣಪತಿ, ರಿಪ್ಪನ್‌ಪೇಟೆ

ಎಲ್ಲಾ ಸರಿ. ಆದರೆ ತಾನಪ್ಪನನ್ನು ಸಸ್ಪೆಂಡ್ ಮಾಡಬೇಕಿತ್ತು.

ಮಂಜು, ತೀರ್ಥಹಳ್ಳಿ

ಗಣಪತಣ್ಣ, ನೀವು ಆ ಮನೆಗೆ ಆವತ್ತು ತಂತಿ ಕೊಡದೆ ಹೋಗಿದ್ದರೆ ಇವತ್ತಿಗೂ ಕರೆದು ಕಾಫಿ ಕೊಡುತ್ತಿದ್ದರು ಅಲ್ವಾ?

ಗಣಪತಿ, ರಿಪ್ಪನ್‌ಪೇಟೆ

ಕೊಡುತ್ತಿದ್ದರು ಮಾರಾಯ. ಅದೇ ನನ್ನ ತೊಂದರೆ.

ಸುಮಾ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಹತ್ತು ನಿಮಿಷದ ಭಾಷಣ ಕೈಬಿಟ್ಟೆ. ಭಾನುವಾರ ಅಂಚೆಯವನ ಕಂತು ಮತ್ತೆ ಹಾಕಿ, ಹಿಂದೆಯೇ ಲೀಲಾಳದ್ದು ಹಾಕುತ್ತೇನೆ. ಎಲ್ಲರ ಕೈಗೂ ಒಂದು ಚೀಟಿ ಕೊಟ್ಟು ಅನಸೂಯಕ್ಕ ಹೇಳಿದ ಆ ಒಂದು ವಾಕ್ಯ ಬರೆಸುತ್ತೇನೆ. ಬೆಲೆ ತೆತ್ತವರು ಯಾರು ಅನ್ನುವ ಜಾಗದಲ್ಲಿ ಎಷ್ಟು ಜನ ಸಿದ್ದನ ಹೆಸರು ಬರೆಯುತ್ತಾರೆ, ಎಷ್ಟು ಜನ ಲೀಲಾ ಅನ್ನುತ್ತಾರೆ ನೋಡೋಣ. ಗಣಪತಿಯವರೇ, ರಿಪ್ಪನ್‌ಪೇಟೆಯಿಂದ ಸಂಜೆ ಬಸ್ಸಿಗೆ ಬನ್ನಿ. ಆ ಅಜ್ಜಿಯೂ ಇರುತ್ತಾರೆ.